ಗದಗ–ಹುಬ್ಬಳ್ಳಿ ಅಪ್‌ಡೌನ್ ಮಾಡುವವರಿಗೆ ಲ್ಯಾಪ್‌ಟಾಪ್: ತೂಕ, ಬ್ಯಾಟರಿ, ಸ್ಕ್ರೀನ್ ಹೊಂದಿಸುವ ಬಗೆ

ದಿನಾ ಲ್ಯಾಪ್‌ಟಾಪ್ ಹೊತ್ತು ಓಡಾಡುವವರು ಅಂಗಡಿಗೆ ಹೋದರೆ ಮೂರು ಆಸೆ ಇಟ್ಟುಕೊಂಡೇ ಹೋಗುತ್ತಾರೆ. ಹಗುರ ಇರಬೇಕು, ಬ್ಯಾಟರಿ ಸಂಜೆವರೆಗೂ ಬರಬೇಕು, ಸ್ಕ್ರೀನ್ ದೊಡ್ಡದಿರಬೇಕು. ಈ ಮೂರೂ ಒಂದೇ ಕಡೆ ಪೂರ್ತಿಯಾಗಿ ಸಿಗುವುದಿಲ್ಲ. ದೊಡ್ಡ ಸ್ಕ್ರೀನ್ ಅಂದರೆ ದೊಡ್ಡ ಮೈ, ಜಾಸ್ತಿ ತೂಕ, ಜಾಸ್ತಿ ವಿದ್ಯುತ್. ದೊಡ್ಡ ಬ್ಯಾಟರಿ ಅಂದರೆ ಮತ್ತೆ ತೂಕ. ಹಾಗಾಗಿ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅನ್ನುವುದನ್ನು ಮನೆಯಲ್ಲೇ ಕೂತು ತೀರ್ಮಾನಿಸಿಕೊಂಡು ಹೋಗಬೇಕು. ಅಂಗಡಿಯಲ್ಲಿ ತೀರ್ಮಾನಿಸಲು ಹೋದರೆ ಆಫರ್ ಇರುವ ಮಾಡೆಲ್ಲೇ ಗೆಲ್ಲುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ದೊಡ್ಡ ಸ್ಕ್ರೀನ್ ಮತ್ತು ಚಾರ್ಜರ್, ಇವೆರಡನ್ನೂ ಹೊತ್ತು ತಿರುಗಬಾರದು. ಅವು ಮನೆಯಲ್ಲಿ ಮತ್ತು ಆಫೀಸಿನಲ್ಲಿ ಇರಲಿ. ಹೊರುವುದು ಲ್ಯಾಪ್‌ಟಾಪ್ ಮತ್ತು ಅದರ ಬ್ಯಾಟರಿ ಮಾತ್ರ. ಹೀಗೆ ಮಾಡಿದರೆ 14 ಇಂಚಿನ, ಒಂದೂಕಾಲರಿಂದ ಒಂದೂವರೆ ಕೆಜಿ ಒಳಗಿನ, ಒಳ್ಳೆ ಬ್ಯಾಟರಿಯ ಲ್ಯಾಪ್‌ಟಾಪ್ ನಮ್ಮ ಕಡೆಯ ಬಹುತೇಕ ಅಪ್‌ಡೌನ್ ಮಂದಿಗೆ ಸರಿಹೋಗುತ್ತದೆ. ಯಾರಿಗೆ ಸರಿಹೋಗುವುದಿಲ್ಲ ಅನ್ನುವುದನ್ನೂ ಮುಂದೆ ಹೇಳಿದ್ದೇನೆ.

ಉದಾಹರಣೆಗೆ ನನ್ನ ಚಿಕ್ಕಪ್ಪನ ಮಗಳ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. ಗದಗದಲ್ಲಿ ಮನೆ, ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಫೈಲಿಂಗ್. ದಿನಾ ರೈಲು. ವಾರಕ್ಕೆ ಒಂದೆರಡು ದಿನ ಪಾರ್ಟಿಗಳ ಅಂಗಡಿ, ಗೋಡೌನ್‌ಗೆ ಹೋಗಿ ಅಲ್ಲೇ ಕೂತು ಲೆಕ್ಕ ನೋಡಬೇಕು. ಕೈಯಲ್ಲಿ ಇದ್ದದ್ದು ನಾಲ್ಕು ವರ್ಷ ಹಳೆಯ 15.6 ಇಂಚಿನ ಲ್ಯಾಪ್‌ಟಾಪ್. "ಅಣ್ಣಾ, ಸಂಜಿಗೆ ಮನಿಗೆ ಬರೂದ್ರಾಗ ಭುಜ ಹರದು ಹೋಗತಾವ. ಆದ್ರ ಸಣ್ಣ ಸ್ಕ್ರೀನ್ ತಗೊಂಡ್ರ ಎಕ್ಸೆಲ್ ಕಾಣಂಗಿಲ್ಲ" ಅನ್ನುವುದು ಅವಳ ದೂರು. ಎರಡೂ ಮಾತು ನಿಜವೇ.

ಹೆಜ್ಜೆ 1: ಲ್ಯಾಪ್‌ಟಾಪ್ ಬಿಡಿ, ಬ್ಯಾಗ್ ತೂಗಿ

ದಿನಾ ಹೊರುವ ಹಾಗೆಯೇ ಬ್ಯಾಗ್ ತುಂಬಿ. ಬುತ್ತಿ, ನೀರು, ಛತ್ರಿ, ಫೈಲು ಎಲ್ಲಾ ಇರಲಿ. ಅದನ್ನು ಹೆಗಲಿಗೆ ಹಾಕಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಬ್ಯಾಗ್ ಇಳಿಸಿ ಮತ್ತೆ ನಿಲ್ಲಿ. ವ್ಯತ್ಯಾಸವೇ ಬ್ಯಾಗಿನ ತೂಕ. ಬಿಡಿ ಸಾಮಾನುಗಳನ್ನು ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಬಹುದು. ಅದು ಇಲ್ಲದಿದ್ದರೆ ಪರಿಚಯದ ಕಿರಾಣಿ ಅಂಗಡಿಯವರು ತೂಗಿಕೊಡುತ್ತಾರೆ.

ಅವಳ ಬ್ಯಾಗ್ 6 ಕೆಜಿ 300 ಗ್ರಾಂ ಬಂತು. ಅದರಲ್ಲಿ ಲ್ಯಾಪ್‌ಟಾಪ್ 1.8 ಕೆಜಿ, ಚಾರ್ಜರ್ ವೈರ್ ಸಮೇತ 400 ಗ್ರಾಂ. ಒಂದು ಲೀಟರಿನ ಸ್ಟೀಲ್ ಬಾಟಲಿ ನೀರು ತುಂಬಿದಾಗ 1.3 ಕೆಜಿ. ಬುತ್ತಿ ಡಬ್ಬಿ 900 ಗ್ರಾಂ, ಫೈಲುಗಳು 600, ಛತ್ರಿ ಮತ್ತು ಚಿಲ್ಲರೆ ಸಾಮಾನು 400. ಖಾಲಿ ಬ್ಯಾಗೇ 900 ಗ್ರಾಂ! ಹಳೆ ಲ್ಯಾಪ್‌ಟಾಪ್ ಜೊತೆ ಪುಕ್ಕಟೆ ಬಂದ ಬ್ಯಾಗ್ ಅದು.

ಈ ಲೆಕ್ಕ ಯಾಕೆ ಮುಖ್ಯ ಅಂದರೆ, ಜನ ಲ್ಯಾಪ್‌ಟಾಪಿನಲ್ಲಿ 300 ಗ್ರಾಂ ಉಳಿಸಲು ಇಪ್ಪತ್ತು ಮೂವತ್ತು ಸಾವಿರ ಜಾಸ್ತಿ ಕೊಡುತ್ತಾರೆ. ಅಷ್ಟೇ ತೂಕ ಚಾರ್ಜರ್‌ನಲ್ಲೋ ಖಾಲಿ ಬ್ಯಾಗಿನಲ್ಲೋ ಕೂತಿರುತ್ತದೆ. ಅವಳ ವಿಷಯದಲ್ಲಿ ಚಾರ್ಜರ್ ಹೊರುವುದನ್ನು ಬಿಟ್ಟೆವು. 600 ಗ್ರಾಮಿನ ಬೇರೆ ಬ್ಯಾಗ್ ತಂದೆವು. ಆಫೀಸಿನಲ್ಲಿ ಕುಡಿಯುವ ನೀರು ಇದೆ, ಹಾಗಾಗಿ ರೈಲಿಗೆ ಅರ್ಧ ಲೀಟರಿನ ಬಾಟಲಿ ಸಾಕು. ಫೈಲುಗಳಲ್ಲಿ ಅರ್ಧದಷ್ಟು ಆಫೀಸಿನಲ್ಲೇ ಉಳಿದವು. ಹೊಸ ಲ್ಯಾಪ್‌ಟಾಪ್ 1.35 ಕೆಜಿ. ಒಟ್ಟು 4 ಕೆಜಿ 150 ಗ್ರಾಂಗೆ ಇಳಿಯಿತು. ಇಳಿದ ಎರಡು ಕೆಜಿಗೂ ಜಾಸ್ತಿ ತೂಕದಲ್ಲಿ ಲ್ಯಾಪ್‌ಟಾಪಿನ ಪಾಲು ಬರೀ 450 ಗ್ರಾಂ.

ಅಂಗಡಿಯ ಕಾಗದದಲ್ಲಿ ಬರೆದ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ ಅನ್ನುವುದು ನೆನಪಿರಲಿ. ಗೇಮಿಂಗ್ ಲ್ಯಾಪ್‌ಟಾಪಿನ ಇಟ್ಟಿಗೆಯಂಥ ಚಾರ್ಜರ್ ಒಂದೇ ಅರ್ಧ ಕೆಜಿ ದಾಟುತ್ತದೆ. ಅಂಥದ್ದನ್ನು ದಿನಾ ಹೊರುವ ಯೋಚನೆ ಇದ್ದರೆ ದಯವಿಟ್ಟು ಬಿಡಿ.

ಹೆಜ್ಜೆ 2: ಪ್ಲಗ್ ಸಿಗದ ತಾಸುಗಳನ್ನು ಎಣಿಸಿ

"18 ತಾಸು ಬ್ಯಾಟರಿ" ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಆ ಅಂಕಿ ಸಾಮಾನ್ಯವಾಗಿ ಬೆಳಕು ಕಡಿಮೆ ಇಟ್ಟು, ಒಂದೇ ವಿಡಿಯೊ ಸುಮ್ನೆ ಓಡಿಸಿದಾಗ ಬಂದದ್ದು. ನಮ್ಮ ಕೆಲಸಕ್ಕೆ ಅದರಲ್ಲಿ ಅರ್ಧ, ಹೆಚ್ಚೆಂದರೆ ಅರವತ್ತು ಪರ್ಸೆಂಟ್ ಹಿಡಿಯಬೇಕು. ಅದಕ್ಕಿಂತ ಒಳ್ಳೆಯದು, ನಿಮ್ಮ ಲೆಕ್ಕ ನೀವೇ ಹಾಕುವುದು. ಅದಕ್ಕೆ ಎರಡು ಅಂಕಿ ಬೇಕು: ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ, ನಿಮ್ಮ ಕೆಲಸ ತಾಸಿಗೆ ಎಷ್ಟು ತಿನ್ನುತ್ತದೆ.

ಹಿಡಿಯುವ ಅಳತೆ ವ್ಯಾಟ್‌ಅವರ್. ಸ್ಟಿಕ್ಕರ್ ಮತ್ತು ವಿವರದ ಕಾಗದದಲ್ಲಿ Wh ಎಂದು ಇರುತ್ತದೆ. ಕಡಿಮೆ ಬೆಲೆಯ 15.6 ಇಂಚಿನವುಗಳಲ್ಲಿ 40ರ ಆಸುಪಾಸು, ಒಳ್ಳೆಯ 14 ಇಂಚಿನವುಗಳಲ್ಲಿ 55ರಿಂದ 75ರವರೆಗೆ ಸಿಗುತ್ತದೆ. "ಮೂರು ಸೆಲ್", "ನಾಲ್ಕು ಸೆಲ್" ಅಂತ ಮಾತ್ರ ಹೇಳಿದರೆ ಒಪ್ಪಬೇಡಿ, ಸೆಲ್ಲುಗಳೇ ಬೇರೆ ಬೇರೆ ಗಾತ್ರದವು.

ನಿಮ್ಮ ಹಳೆ ಲ್ಯಾಪ್‌ಟಾಪ್ ವಿಂಡೋಸ್ ಆಗಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹಾಕಿ:

```
powercfg /batteryreport
```

ಒಂದು ಫೈಲ್ ತಯಾರಾಗುತ್ತದೆ, ಅದು ಎಲ್ಲಿದೆ ಅನ್ನುವುದನ್ನೂ ಅದೇ ಹೇಳುತ್ತದೆ. ಬ್ರೌಸರ್‌ನಲ್ಲಿ ತೆರೆಯಿರಿ. DESIGN CAPACITY ಅಂದರೆ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, FULL CHARGE CAPACITY ಅಂದರೆ ಈಗ ಎಷ್ಟು. ಅಂಕಿ ಸಾವಿರಗಳಲ್ಲಿ ಇರುತ್ತದೆ, ಸಾವಿರದಿಂದ ಭಾಗಿಸಿದರೆ ವ್ಯಾಟ್‌ಅವರ್. ತಂಗಿಯ ಹಳೆ ಲ್ಯಾಪ್‌ಟಾಪಿನಲ್ಲಿ ಹೊಸದಿದ್ದಾಗ 42 ಇದ್ದದ್ದು ಈಗ 29.4ಕ್ಕೆ ಬಂದಿತ್ತು. ಅಂದರೆ 70 ಪರ್ಸೆಂಟ್.

ಆಮೇಲೆ ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ಕಿತ್ತು, ದಿನಾ ಮಾಡುವ ಕೆಲಸವನ್ನೇ ಒಂದು ತಾಸು ಮಾಡಿ. ಬೆಳಕು ರೈಲಿನಲ್ಲಿ ಇಡುವಷ್ಟೇ ಇರಲಿ. ಅವಳದು 100ರಿಂದ 66ಕ್ಕೆ ಇಳಿಯಿತು. 29.4ರಲ್ಲಿ 34 ಪರ್ಸೆಂಟ್ ಅಂದರೆ ಸುಮಾರು 10. ಅವಳ ಕೆಲಸ ಆ ಯಂತ್ರದಲ್ಲಿ ತಾಸಿಗೆ 10 ವ್ಯಾಟ್‌ಅವರ್ ತಿನ್ನುತ್ತದೆ. ಹೊಸ ಪ್ರೊಸೆಸರ್‌ಗಳು, ಸಣ್ಣ ಸ್ಕ್ರೀನ್ ಸೇರಿದರೆ ಇದೇ ಕೆಲಸಕ್ಕೆ 6ರಿಂದ 8 ಸಾಕು. ನಾವು 8 ಅಂತ ಹಿಡಿದೆವು. ನಿಮ್ಮ ಕೆಲಸದಲ್ಲಿ ವಿಡಿಯೊ ಕಾಲ್ ಜಾಸ್ತಿ ಇದ್ದರೆ 12 ಹಿಡಿಯಿರಿ.

ಈಗ ಪ್ಲಗ್ ಸಿಗದ ತಾಸುಗಳು. ಇಲ್ಲಿ ದಿನದ ಒಟ್ಟು ಕೆಲಸದ ಹೊತ್ತನ್ನು ಹಿಡಿಯಬೇಡಿ. ಆಫೀಸಿನಲ್ಲಿ ಕೂತಾಗ ಚಾರ್ಜರ್ ಇದ್ದೇ ಇರುತ್ತದೆ. ಸ್ವಲ್ಪ ಹೊತ್ತು ಕರೆಂಟ್ ಹೋದರೂ ಲ್ಯಾಪ್‌ಟಾಪಿಗೆ ಏನೂ ಆಗುವುದಿಲ್ಲ. ಗದಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ. ಹತ್ತಿ, ಸೀಟು ಹುಡುಕಿ, ಇಳಿಯುವ ಗಡಿಬಿಡಿ ಕಳೆದರೆ ನಿಜವಾಗಿ ಕೆಲಸ ಆಗುವುದು ಮುಕ್ಕಾಲು ತಾಸು. ಹೋಗಿ ಬರುವುದು ಸೇರಿ ಒಂದೂವರೆ ತಾಸು. ಪಾರ್ಟಿ ಕಡೆ ಹೋಗುವ ದಿನ ಗೋಡೌನಿನಲ್ಲಿ ನಾಲ್ಕು ತಾಸು ಪ್ಲಗ್ ಇಲ್ಲದೆ ಕೂರಬೇಕಾಗಬಹುದು. ಅಲ್ಲಿಗೆ ಐದೂವರೆ ತಾಸು. ಅವಳ ಅತಿ ಕಷ್ಟದ ದಿನ ಅದು. ಬ್ಯಾಟರಿಯನ್ನು ಆ ದಿನಕ್ಕೇ ಅಳೆಯಬೇಕು.

ಐದೂವರೆ ತಾಸನ್ನು 8ರಿಂದ ಗುಣಿಸಿದರೆ 44 ವ್ಯಾಟ್‌ಅವರ್. ಆದರೆ 44ರ ಬ್ಯಾಟರಿ ಕೊಂಡರೆ ಮೊದಲ ವರ್ಷವೇ ಸಾಕಾಗುವುದಿಲ್ಲ. ಮೂರು ವರ್ಷ ಬಳಸಿದ ಮೇಲೆ ಬ್ಯಾಟರಿ 80 ಪರ್ಸೆಂಟಿನ ಸುತ್ತ ಬಂದು ನಿಂತಿರುತ್ತದೆ ಎಂದುಕೊಳ್ಳಿ. 44ನ್ನು 0.8ರಿಂದ ಭಾಗಿಸಿದರೆ 55. ಕೊನೆಯ ಹತ್ತು ಪರ್ಸೆಂಟ್ ಮುಟ್ಟದೆ ಉಳಿಸಿಕೊಳ್ಳುವುದು ಒಳ್ಳೆಯದು, ಹಾಗಾಗಿ 60. ಅವಳಿಗೆ ಬೇಕಾದದ್ದು 60 ವ್ಯಾಟ್‌ಅವರ್ ಬ್ಯಾಟರಿ. ಅಂಗಡಿಯಲ್ಲಿ 75ರದ್ದನ್ನೂ ತೋರಿಸಿದರು. ತೂಕ ಹೆಚ್ಚು, ಬೆಲೆ ಹೆಚ್ಚು, ಅವಳಿಗೆ ಅದರಿಂದ ಲಾಭ ಇರಲಿಲ್ಲ.

ರೈಲಿನ ಚಾರ್ಜಿಂಗ್ ಪಾಯಿಂಟ್ ಇದೆಯಲ್ಲ ಅಂತ ಕೇಳುವವರು ಇದ್ದಾರೆ. ಅದು ಮೊಬೈಲಿಗೆ ಇಟ್ಟಿರುವುದು. ಬೆಳಗಿನ ಗದ್ದಲದಲ್ಲಿ ಆ ಪಾಯಿಂಟಿನ ಹತ್ತಿರ ಸೀಟು ಸಿಗುವುದೂ, ಸಿಕ್ಕರೆ ಅದು ಕೆಲಸ ಮಾಡುವುದೂ ಎರಡೂ ಅದೃಷ್ಟ. ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಿರಿ.

ಹೆಜ್ಜೆ 3: ಸ್ಕ್ರೀನನ್ನು ಮೂಲೆಯಿಂದ ಮೂಲೆಗೆ ಅಳೆಯಬೇಡಿ

14 ಇಂಚು, 15.6 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಇರುವ ಅಳತೆ. ಎಕ್ಸೆಲ್, ವರ್ಡ್, ಮೇಲ್, ಕೋಡ್, ಯಾವುದೇ ಇರಲಿ, ಸಾಲುಗಳು ಮೇಲಿಂದ ಕೆಳಗೆ ಇರುತ್ತವೆ. ಹಾಗಾಗಿ ನಮಗೆ ಬೇಕಾದದ್ದು ಎತ್ತರ.

ಹಳೆಯ 15.6 ಇಂಚಿನ ಸ್ಕ್ರೀನ್ 16:9 ಆಕಾರದ್ದು. ಅಗಲ 34.5 ಸೆಂಟಿಮೀಟರ್, ಎತ್ತರ 19.4. ಈಗ ಬರುವ ಬಹಳಷ್ಟು 14 ಇಂಚಿನ ಲ್ಯಾಪ್‌ಟಾಪ್‌ಗಳು 16:10 ಆಕಾರದವು. ಅಗಲ 30.2, ಎತ್ತರ 18.8. ಅಗಲದಲ್ಲಿ ನಾಲ್ಕು ಸೆಂಟಿಮೀಟರಿಗೂ ಜಾಸ್ತಿ ಕಡಿಮೆ, ಆದರೆ ಎತ್ತರದಲ್ಲಿ ಬರೀ ಅರ್ಧ ಸೆಂಟಿಮೀಟರ್ ಚಿಲ್ಲರೆ. ಅದೇ 14 ಇಂಚು 16:9 ಆದರೆ ಎತ್ತರ 17.4ಕ್ಕೆ ಇಳಿದುಬಿಡುತ್ತದೆ. ಅದನ್ನು ಕೊಳ್ಳಬೇಡಿ. ಗುರುತಿಸುವುದು ಸುಲಭ: ಸ್ಕ್ರೀನ್ ವಿವರದಲ್ಲಿ 1920×1200 ಎಂದಿದ್ದರೆ 16:10, 1920×1080 ಎಂದಿದ್ದರೆ 16:9.

ತಂಗಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು, ಅವಳದೇ ಎಕ್ಸೆಲ್ ಫೈಲ್ ತೆರೆದು ನೋಡಿದೆವು. ಎರಡರಲ್ಲೂ ವಿಂಡೋಸ್ ಡಿಸ್‌ಪ್ಲೇ ಸ್ಕೇಲ್ 125 ಪರ್ಸೆಂಟ್ ಇಟ್ಟಾಗ 14 ಇಂಚಿನದರಲ್ಲೇ ನಾಲ್ಕೈದು ಸಾಲು ಜಾಸ್ತಿ ಕಂಡವು. "ಅಯ್ಯ, ಇದು ಹೆಂಗಣ್ಣಾ?" ಅಂದಳು. ಹೇಗೆ ಅಂದರೆ, ಎತ್ತರಕ್ಕೆ 1080ರ ಬದಲು 1200 ಚುಕ್ಕೆಗಳಿವೆ. ಆದರೆ ಪುಕ್ಕಟೆ ಏನೂ ಬರುವುದಿಲ್ಲ. ಅಕ್ಷರ ಸುಮಾರು 13 ಪರ್ಸೆಂಟ್ ಸಣ್ಣದಾಗುತ್ತದೆ. ಅವಳ ಕಣ್ಣಿಗೆ ತೊಂದರೆ ಆಗಲಿಲ್ಲ. ನಲವತ್ತೈದು ದಾಟಿ ಓದುವ ಕನ್ನಡಕ ಬಂದವರಿಗೆ ಆಗಬಹುದು. ಸ್ಕೇಲನ್ನು 150ಕ್ಕೆ ಏರಿಸಿದರೆ ಅಕ್ಷರ ದೊಡ್ಡದಾಗುತ್ತದೆ, ಕಾಣುವ ಸಾಲು ಕಡಿಮೆಯಾಗುತ್ತದೆ. ಹೊರಗೆ ಕೂತೇ ದಿನಕ್ಕೆ ನಾಲ್ಕೈದು ತಾಸು ಸ್ಕ್ರೀನ್ ನೋಡುವ, ಕಣ್ಣು ಸೋತ ಹಿರಿಯರಿಗೆ ನಾನು 15 ಅಥವಾ 16 ಇಂಚಿನದನ್ನೇ ಹೇಳುತ್ತೇನೆ. ಅವರು ತೂಕವನ್ನು ಬ್ಯಾಗಿನ ಬೇರೆ ಸಾಮಾನುಗಳಲ್ಲಿ ಇಳಿಸಲಿ. ಕಣ್ಣಿನ ವಿಷಯದಲ್ಲಿ ರಾಜಿ ಬೇಡ.

ಇನ್ನೊಂದು ಮಾತು, ಟ್ಯಾಲಿ ಹೊಡೆಯುವವರಿಗಾಗಿ. 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಬಲಗಡೆಯ ನಂಬರ್ ಕೀಗಳು ಸಾಮಾನ್ಯವಾಗಿ ಇರುವುದಿಲ್ಲ. ದಿನಕ್ಕೆ ನೂರಾರು ವೋಚರ್ ಎಂಟ್ರಿ ಮಾಡುವವರಿಗೆ ಇದು ಸ್ಕ್ರೀನಿಗಿಂತ ದೊಡ್ಡ ತೊಂದರೆ. ಕೊಂಡ ಮೇಲೆ ಗೊತ್ತಾಗಿ ಬೇಜಾರು ಮಾಡಿಕೊಂಡವರು ಬಹಳ ಮಂದಿ. ಆಫೀಸಿಗೆ ಪೂರ್ತಿ ಕೀಬೋರ್ಡ್ ಒಂದು ಇಡಿ. ಪಾರ್ಟಿ ಕಡೆ ಹೋಗುವ ದಿನಕ್ಕೆ ನಂಬರ್ ಕೀಗಳಷ್ಟೇ ಇರುವ ಸಣ್ಣ ಯುಎಸ್‌ಬಿ ಪ್ಯಾಡ್ ಸಿಗುತ್ತದೆ. ತೂಕ ನೂರು ಗ್ರಾಂ ಆಸುಪಾಸು.

ಆಫೀಸಿನ ಮೇಜಿಗೆ 24 ಇಂಚಿನ ಮಾನಿಟರ್ ಇರಲಿ. ಹಗುರ ಮಾಡೆಲ್‌ಗೆಂದು ಜಾಸ್ತಿ ಕೊಡಬೇಕಾದ ದುಡ್ಡಿನಲ್ಲಿ ಅರ್ಧಕ್ಕೇ ಅದು ಬಂದುಬಿಡುತ್ತದೆ. ಆಫೀಸಿನವರು ಕೊಡದಿದ್ದರೆ ಸ್ವಂತ ದುಡ್ಡಲ್ಲಿ ಕೊಂಡರೂ ನಷ್ಟವಿಲ್ಲ, ಕೆಲಸ ಬಿಟ್ಟಾಗ ಮನೆಗೆ ತಂದರಾಯಿತು. ದೊಡ್ಡ ಸ್ಕ್ರೀನಿನ ಆಸೆ ಅಲ್ಲಿ ತೀರುತ್ತದೆ, ರೈಲಿನಲ್ಲಿ ಸಣ್ಣದು ಸಾಕು. ಬೋಗಿಯ ಬೆಂಚಿನಲ್ಲಿ ಮೂವರ ಜಾಗದಲ್ಲಿ ನಾಲ್ವರು ಕೂತಾಗ 36 ಸೆಂಟಿಮೀಟರ್ ಅಗಲದ ಲ್ಯಾಪ್‌ಟಾಪನ್ನು ತೊಡೆ ಮೇಲೆ ತೆರೆದರೆ ಪಕ್ಕದವರ ಮೊಣಕೈಗೆ ತಾಗುತ್ತದೆ. 31ರದ್ದು ತಾಗುವುದಿಲ್ಲ.

ಬೆಳಕಿನ ವಿಷಯ ಮರೆಯಬಾರದು. ಸ್ಕ್ರೀನ್ ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಗ್ಗದವು 250 ಇರುತ್ತವೆ, ಕಿಟಕಿ ಪಕ್ಕ ಏನೂ ಕಾಣುವುದಿಲ್ಲ. 300 ಕನಿಷ್ಠ, 400 ಒಳ್ಳೆಯದು. ಕನ್ನಡಿಯಂತೆ ಹೊಳೆಯುವ ಸ್ಕ್ರೀನ್ ಬೇಡ, ಮಂಕು ಮೈಯದು ಇರಲಿ. ಹೊಳೆಯುವುದರಲ್ಲಿ ನಿಮ್ಮ ಮುಖ, ಹಿಂದಿನ ಕಿಟಕಿ ಎರಡೂ ಕಂಡು, ಅದನ್ನು ಸೋಲಿಸಲು ಬೆಳಕು ಏರಿಸುತ್ತೀರಿ, ಬ್ಯಾಟರಿ ಅಲ್ಲೇ ಹೋಗುತ್ತದೆ. ನಮ್ಮ ಹಾದಿಗೆ ಒಂದು ಅನುಕೂಲವೂ ಇದೆ. ಗದಗ–ಹುಬ್ಬಳ್ಳಿ ರೈಲು ದಾರಿ ಹೆಚ್ಚುಕಮ್ಮಿ ಪೂರ್ವ–ಪಶ್ಚಿಮ. ದಸರೆಯಿಂದ ಯುಗಾದಿವರೆಗೆ ಬಿಸಿಲು ದಕ್ಷಿಣದ ಕಿಟಕಿಗಳಿಗೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಉತ್ತರದ ಕಡೆ ಕೂತರೆ ಸ್ಕ್ರೀನ್ ಚೆನ್ನಾಗಿ ಕಾಣುತ್ತದೆ: ಬೆಳಗ್ಗೆ ಹುಬ್ಬಳ್ಳಿಗೆ ಹೋಗುವಾಗ ರೈಲು ಸಾಗುವ ದಿಕ್ಕಿನ ಬಲಗಡೆ, ಸಂಜೆ ಗದಗಿಗೆ ಬರುವಾಗ ಎಡಗಡೆ. ಯುಗಾದಿ ಕಳೆದ ಮೇಲೆ ಬೆಳಗಿನ, ಸಂಜೆಯ ಬಿಸಿಲು ಉತ್ತರದಿಂದ ಓರೆಯಾಗಿ ಬರುತ್ತದೆ, ಆಗ ಆಚೆ ಕಡೆ ಕೂರಬೇಕು.

ಹೆಜ್ಜೆ 4: ಎರಡು ಚಾರ್ಜರ್, ಹೊರುವುದು ಒಂದೂ ಇಲ್ಲ

ಯುಎಸ್‌ಬಿ ಸಿ ಪೋರ್ಟಿನಿಂದ ಚಾರ್ಜ್ ಆಗುವ ಲ್ಯಾಪ್‌ಟಾಪನ್ನೇ ಕೊಳ್ಳಿ. ಇದರ ಮೇಲೆ ನಾನು ಒತ್ತಿ ಹೇಳುತ್ತೇನೆ. ದುಂಡು ಪಿನ್ನಿನದಾದರೆ ಎರಡನೇ ಚಾರ್ಜರ್‌ಗೆ ಅದೇ ಕಂಪನಿಯ ಹಿಂದೆ ಅಲೆಯಬೇಕು. ಸಿ ಪೋರ್ಟ್ ಆದರೆ 65 ವ್ಯಾಟಿನ ಒಳ್ಳೆ ಚಾರ್ಜರ್ ಯಾವ ಕಂಪನಿಯದಾದರೂ ನಡೆಯುತ್ತದೆ, ಫೋನಿಗೂ ಅದೇ ಆಗುತ್ತದೆ. ಜೊತೆಗೆ ಬಂದದ್ದು ಮನೆಯಲ್ಲಿ, ಇನ್ನೊಂದು ಆಫೀಸಿನ ಡ್ರಾದಲ್ಲಿ.

ಸಿ ಪೋರ್ಟ್ ಇದ್ದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತದೆ ಎಂದಲ್ಲ. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಬರೀ ಪೆನ್‌ಡ್ರೈವ್ ಹಾಕಲು. ಅಂಗಡಿಯಲ್ಲೇ ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ಗುರುತಿನಲ್ಲಿ ಚಾರ್ಜ್ ಆಗುತ್ತಿರುವುದು ಕಾಣುತ್ತದಾ ನೋಡಿ.

ಪವರ್ ಬ್ಯಾಂಕ್ ದಿನಾ ಹೊರುವ ವಸ್ತು ಅಲ್ಲ. 20,000 ಎಂಎಎಚ್‌ದು ಲೆಕ್ಕಕ್ಕೆ 74 ವ್ಯಾಟ್‌ಅವರ್, ಪರಿವರ್ತನೆಯಲ್ಲಿ ಕಳೆದು ಲ್ಯಾಪ್‌ಟಾಪಿಗೆ ಸೇರುವುದು 60ರ ಹತ್ತಿರ. ತೂಕ ಅರ್ಧ ಕೆಜಿಯವರೆಗೆ. ಫೋನಿಗೆಂದು ಮಾಡಿದ 18, 22 ವ್ಯಾಟಿನವು ಲ್ಯಾಪ್‌ಟಾಪಿಗೆ ಆಗುವುದಿಲ್ಲ, ಇಲ್ಲವೇ ಆಮೆ ವೇಗದಲ್ಲಿ ಆಗುತ್ತವೆ. ಕನಿಷ್ಠ 45 ವ್ಯಾಟ್ ಕೊಡುವಂಥದ್ದು ಬೇಕು. ಪಾರ್ಟಿ ಕಡೆ ದಿನವಿಡೀ ಇರುವ ದಿನ ಮಾತ್ರ ಬ್ಯಾಗಿಗೆ ಸೇರಿಸಿ.

ಹೆಜ್ಜೆ 5: ಅಂಗಡಿಯಲ್ಲಿ

ಹುಬ್ಬಳ್ಳಿಯ ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ನಿಮ್ಮ ಅಂಕಿ ಬರೆದುಕೊಂಡು ಹೋಗಿ. ತಂಗಿಯ ಚೀಟಿಯಲ್ಲಿ ಇದ್ದದ್ದು ಇಷ್ಟೇ: 1.4 ಕೆಜಿ ಒಳಗೆ, 60 Wh, 14 ಇಂಚು 1920×1200, ಮಂಕು ಸ್ಕ್ರೀನ್ 300 ನಿಟ್ಸ್ ಮೇಲೆ, ಸಿ ಚಾರ್ಜಿಂಗ್.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ಯು ಇದ್ದರೆ ಕಡಿಮೆ ತಿನ್ನುವುದು. ಎಚ್ ಇದ್ದರೆ ಜೋರು ಕೆಲಸಕ್ಕೆ, ಜಾಸ್ತಿ ತಿನ್ನುತ್ತದೆ. ಎಚ್‌ಎಕ್ಸ್ ಗೇಮಿಂಗ್‌ನವರಿಗೆ ಬಿಡಿ. ಇಂಟೆಲ್ ಕೋರ್ ಅಲ್ಟ್ರಾದಲ್ಲಿ ವಿ ಅಕ್ಷರದವು ಬ್ಯಾಟರಿಗೆ ಬಹಳ ಒಳ್ಳೆಯವು. ಟ್ಯಾಲಿ, ಎಕ್ಸೆಲ್ ಕೆಲಸಕ್ಕೆ ಎಚ್ ಬೇಕೇ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದೂ ಬೇಡ.

ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್‌ನ ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಮ್ಯಾಕ್‌ಬುಕ್ ಏರ್, ಇವೆರಡೂ ಬ್ಯಾಟರಿ ವಿಷಯದಲ್ಲಿ ಬಹಳ ಮುಂದಿವೆ. ಎಂ2 ಏರ್ 1.24 ಕೆಜಿ, 52.6 ವ್ಯಾಟ್‌ಅವರ್ ಇದ್ದೂ ಇಡೀ ದಿನ ಬರುತ್ತದೆ, ಯಾಕೆಂದರೆ ಅದು ತಿನ್ನುವುದೇ ಕಡಿಮೆ. ಕಾಲೇಜಿನವರು, ಬರೆಯುವವರು, ಬ್ರೌಸರ್‌ನಲ್ಲೇ ಕೆಲಸ ಮುಗಿಸುವವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಲೆಕ್ಕಪತ್ರದವರು ಹಾಗೆ ಮಾಡಬಾರದು. ಟ್ಯಾಲಿ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್. ಇನ್ನು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಡ್ರೈವರ್ ಬೇಕು, ಸ್ನ್ಯಾಪ್‌ಡ್ರ್ಯಾಗನ್‌ಗೆ ಆ ಡ್ರೈವರ್ ಬೇರೆಯೇ ಇರಬೇಕು. ಇಲ್ಲದಿದ್ದರೆ ಟೋಕನ್ ಹಾಕಿದರೂ ಯಂತ್ರಕ್ಕೆ ಕಾಣುವುದಿಲ್ಲ. ರಿಟರ್ನ್ ತುಂಬುವ ಕೊನೆಯ ದಿನ ಇದು ಗೊತ್ತಾಗುವುದು ಬೇಡ. ನಿಮ್ಮ ಟೋಕನ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಲ್ಲೇ ಹಾಕಿ ನೋಡಿ. ಹಳೆಯ ದೊಡ್ಡ ಯುಎಸ್‌ಬಿ ಪೋರ್ಟ್ ಒಂದಾದರೂ ಇದೆಯಾ ಅನ್ನುವುದನ್ನೂ ಆಗಲೇ ನೋಡಿ.

ಹಗುರ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಸಲ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಏರಿಸಲು ಆಗುವುದಿಲ್ಲ. ಮೊದಲೇ 16 ಜಿಬಿ ತೆಗೆದುಕೊಳ್ಳಿ.

ಹೆಜ್ಜೆ 6: ಬ್ಯಾಗಿನೊಳಗೆ ಬ್ಯಾಟರಿ ಸೋರದಂತೆ

ಬೆಳಗ್ಗೆ ನೂರು ಇದ್ದದ್ದು ಹುಬ್ಬಳ್ಳಿಯಲ್ಲಿ ತೆರೆದಾಗ 85 ಆಗಿದೆ, ಬೆನ್ನಿಗೆ ಬ್ಯಾಗ್ ಬಿಸಿ ಬಿಸಿ. ಈ ದೂರು ಬಹಳ ಕೇಳಿದ್ದೇನೆ. ಬ್ಯಾಟರಿ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಕಾರಣ ಬೇರೆ. ಈಗಿನ ಲ್ಯಾಪ್‌ಟಾಪ್ ಮುಚ್ಚಿದಾಗ ಪೂರ್ತಿ ಮಲಗುವುದಿಲ್ಲ, ಫೋನಿನ ಹಾಗೆ ಒಳಗೊಳಗೆ ಎಚ್ಚರ ಇರುತ್ತದೆ. ನಡುವೆ ಅಪ್‌ಡೇಟ್ ಶುರುವಾದರೆ ಗಾಳಿಯಾಡದ ಬ್ಯಾಗಿನಲ್ಲಿ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಈ ಕಾವು ಬ್ಯಾಟರಿಯ ಆಯಸ್ಸನ್ನೇ ತಿನ್ನುತ್ತದೆ.

ಮೊದಲು ಇದನ್ನು ನೋಡಿ:

```
powercfg /a
```

ಅದರಲ್ಲಿ ಮೇಲಿನ, are available ಎಂದಿರುವ ಪಟ್ಟಿಯಲ್ಲಿ Standby (S0 Low Power Idle) ಎಂದು ಬಂದರೆ ನಿಮ್ಮದು ಆ ಜಾತಿಯದು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹಾಕಿ:

```
powercfg /hibernate on
```

ಆಮೇಲೆ Control Panel ತೆರೆದು, Power Options ಒಳಗೆ Choose what closing the lid does ಎನ್ನುವಲ್ಲಿ On battery ಕೆಳಗೆ Hibernate ಆಯ್ಕೆ ಮಾಡಿ. ಮುಚ್ಚಿದರೆ ಪೂರ್ತಿ ಆರುತ್ತದೆ. ತೆರೆದಾಗ ಕೆಲಸ ಬಿಟ್ಟಲ್ಲಿಂದಲೇ ಸಿಗುತ್ತದೆ, ಹತ್ತಿಪ್ಪತ್ತು ಸೆಕೆಂಡ್ ಕಾಯಬೇಕು ಅಷ್ಟೇ. ಮುಚ್ಚಿದ ತಕ್ಷಣ ಬ್ಯಾಗಿಗೆ ಹಾಕಬೇಡಿ, ದೀಪ ಆರುವುದನ್ನು ನೋಡಿ ಹಾಕಿ.

ಆಫೀಸಿನಲ್ಲಿ ಇಡೀ ದಿನ ಪ್ಲಗ್‌ನಲ್ಲೇ ಇರುವವರು, ಕಂಪನಿಯ ಆಪ್‌ನಲ್ಲಿ ಚಾರ್ಜ್ ಮಿತಿ 80 ಎಂದು ಇಡುವ ಆಯ್ಕೆ ಇದ್ದರೆ ಅದನ್ನು ಹಾಕಿ. ದಿನಾ ನೂರರಲ್ಲಿ ಕೂತ ಬ್ಯಾಟರಿ ಬೇಗ ಮುದಿಯಾಗುತ್ತದೆ. ಪಾರ್ಟಿ ಕಡೆ ಹೋಗುವ ಹಿಂದಿನ ರಾತ್ರಿ ಮಿತಿ ತೆಗೆದು ನೂರು ಮಾಡಿಕೊಳ್ಳಿ.

ದಾರಿ ಬೇರೆಯಾದರೆ ಲೆಕ್ಕವೂ ಬೇರೆ

ಹುಬ್ಬಳ್ಳಿ–ಧಾರವಾಡ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರ ದಾರಿ 22 ಕಿಲೋಮೀಟರ್ ಆಸುಪಾಸು. ಆಫೀಸ್ ಹೊತ್ತಿನಲ್ಲಿ ನಿಂತೇ ಹೋಗುವುದು ಜಾಸ್ತಿ, ಲ್ಯಾಪ್‌ಟಾಪ್ ತೆರೆಯುವ ಮಾತೇ ಇಲ್ಲ. ಎರಡೂ ತುದಿಯಲ್ಲಿ ಪ್ಲಗ್ ಇದೆ. ಇವರು ಬ್ಯಾಟರಿಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ, 50 ವ್ಯಾಟ್‌ಅವರ್ ಸಾಕು. ನಿಂತು ಹೊರುವ ತೂಕಕ್ಕೆ ಮೊದಲ ಮಣೆ. ನಿಂತಾಗ ಬ್ಯಾಗನ್ನು ಎದೆಯ ಕಡೆ ಹಾಕಿಕೊಳ್ಳಿ, ಗದ್ದಲದಲ್ಲಿ ಹಿಂದಿನಿಂದ ಒತ್ತಿದರೆ ಸ್ಕ್ರೀನಿಗೆ ಪೆಟ್ಟು. ಮಳೆಗಾಲದಲ್ಲಿ ಧಾರವಾಡಕ್ಕೆ ಹೋಗುವವರಿಗೆ ಬ್ಯಾಗಿನ ಮೇಲೆ ಮಳೆ ಕವರ್ ಬೇಕೇ ಬೇಕು.

ಹಾವೇರಿಯಿಂದ ಹುಬ್ಬಳ್ಳಿಗೆ ದಿನಾ ಬರುವವರು ಇದಕ್ಕೆ ಉಲ್ಟಾ. ದಾರಿ ಉದ್ದ, ಕೂತರೆ ಕೆಲಸ ಆಗುತ್ತದೆ. ಹೋಗಿ ಬರುವುದರಲ್ಲೇ ಮೂರು ತಾಸು ಬ್ಯಾಟರಿ ಬೇಕಾಗಬಹುದು. ಅದಕ್ಕೆ ಪಾರ್ಟಿ ಕಡೆಯ ನಾಲ್ಕು ತಾಸನ್ನೂ ಸೇರಿಸಿ ಎರಡನೇ ಹೆಜ್ಜೆಯ ಲೆಕ್ಕ ಹಾಕಿದರೆ 75ರ ಆಸುಪಾಸಿನದು ಬರುತ್ತದೆ. ಅದರಿಂದ ನೂರಿನ್ನೂರು ಗ್ರಾಂ ಏರಿದರೂ ಒಪ್ಪಿಕೊಳ್ಳಿ.

ಕೊಂಡ ಮೊದಲ ವಾರ

ಹೊಸದರಲ್ಲೂ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಎರಡು ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. FULL CHARGE CAPACITY ಆ DESIGN CAPACITY ಗಿಂತ ಹತ್ತು ಪರ್ಸೆಂಟಿಗೂ ಜಾಸ್ತಿ ಕಡಿಮೆ ಇದ್ದರೆ ಅಥವಾ CYCLE COUNT, ಅಂದರೆ ಬ್ಯಾಟರಿ ತುಂಬಿ ಖಾಲಿಯಾದ ಲೆಕ್ಕ, ಹತ್ತಾರು ತೋರಿಸಿದರೆ, ಅದು ಶೋಕೇಸಿನಲ್ಲಿ ತಿಂಗಳುಗಟ್ಟಲೆ ಓಡಿದ್ದಿರಬಹುದು. ಕೂಡಲೇ ಬಿಲ್ ಸಮೇತ ಅಂಗಡಿಗೆ ಹೋಗಿ ಬದಲಿ ಕೇಳಿ, ತಡ ಮಾಡಿದಷ್ಟೂ ವಾದ ಜಾಸ್ತಿ. ಆಮೇಲೆ ಒಂದು ತಾಸಿನ ಪರೀಕ್ಷೆಯನ್ನು ಮತ್ತೆ ಮಾಡಿ. ತಂಗಿಯದು ತಾಸಿಗೆ 7ರ ಹತ್ತಿರ ಬಂತು, ನಾವು ಹಿಡಿದ 8ಕ್ಕಿಂತ ಕಡಿಮೆ. ನಿಮ್ಮದು 12, 13 ಬಂದರೆ ಮೊದಲು ಸ್ಕ್ರೀನ್ ಬೆಳಕು ನೋಡಿ. ರಿಫ್ರೆಶ್ ರೇಟ್ 120 ಇದ್ದರೆ 60ಕ್ಕೆ ಇಳಿಸಿ. ಬ್ರೌಸರ್‌ನಲ್ಲಿ ತೆರೆದಿಟ್ಟ ಟ್ಯಾಬ್‌ಗಳನ್ನು ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವುದು ಸುಮ್ನೆ ಓಡುತ್ತಿದೆ ಎಂದು ಹುಡುಕಿ. ಆಂಟಿವೈರಸ್ ಎರಡೆರಡು ಇದ್ದರೆ ಒಂದನ್ನು ತೆಗೆಯಿರಿ. ಇಷ್ಟು ಮಾಡಿದ ಮೇಲೂ ಇಳಿಯದಿದ್ದರೆ ಲ್ಯಾಪ್‌ಟಾಪಿನಲ್ಲೇ ಏನೋ ದೋಷ ಇದೆ, ವಾರಂಟಿಗೆ ಕೊಡಿ.